ಪಂಚಾಂಗದ ಒಂದು ಸಾಲನ್ನು ಓದುವುದು ಹೇಗೆ? ಹಬ್ಬ, ರಾಹುಕಾಲ, ಶುಭದಿನ: ಪದೇ ಪದೇ ಕೇಳುವ ಪ್ರಶ್ನೆಗಳು

ಪಂಚಾಂಗದ ಪುಟ ತೆರೆದರೆ ಸಣ್ಣಕ್ಷರದ ಕಾಲಂಗಳು, ಅಂಕಿಗಳು, ಅರ್ಧಕ್ಕೆ ಕತ್ತರಿಸಿದ ಪದಗಳು. ಬಹಳಷ್ಟು ಜನ ಅಲ್ಲಿಗೇ ಕೈಬಿಟ್ಟು ಗೋಡೆಯ ಕ್ಯಾಲೆಂಡರ್ ನೋಡುತ್ತಾರೆ. ಆದರೆ ಒಂದು ದಿನದ ಸಾಲನ್ನು ಪೂರ್ತಿ ಅರ್ಥ ಮಾಡಿಕೊಂಡರೆ ಉಳಿದ ದಿನಗಳ ಸಾಲುಗಳನ್ನೂ ಅದೇ ದಾರಿಯಲ್ಲಿ ಓದಬಹುದು. ಹಾಗಾಗಿ ಇಲ್ಲಿ ಹೆಚ್ಚಿನ ಉತ್ತರಗಳಿಗೆ ಒಂದೇ ದಿನವನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ: 2025ರ ಆಗಸ್ಟ್ 27, ಬುಧವಾರ, ಗಣೇಶ ಚೌತಿ. ಊರು ಬೆಂಗಳೂರು. ಸಮಯಗಳು ದೃಗ್ಗಣಿತದವು, ಅಂದರೆ ಆಕಾಶದಲ್ಲಿ ಈಗ ಕಾಣುವ ಸೂರ್ಯ ಚಂದ್ರರ ಸ್ಥಾನಕ್ಕೆ ಹೊಂದಿಸಿ ಲೆಕ್ಕ ಹಾಕಿದವು.

ಪಂಚಾಂಗದಲ್ಲಿ ಮೊದಲು ಎಲ್ಲಿ ಕಣ್ಣು ಹಾಯಿಸಬೇಕು?

ಪುಟದ ತಲೆಬರಹದ ಮೇಲೆ. ಅಲ್ಲಿ ಸಂವತ್ಸರ, ಅಯನ, ಋತು, ಮಾಸ, ಪಕ್ಷ ಬರೆದಿರುತ್ತದೆ. ನಮ್ಮ ದಿನದ ಪುಟದ ಮೇಲೆ "ಶಾಲಿವಾಹನ ಶಕ 1947, ವಿಶ್ವಾವಸು ಸಂವತ್ಸರ, ದಕ್ಷಿಣಾಯನ, ವರ್ಷ ಋತು, ಭಾದ್ರಪದ ಮಾಸ, ಶುಕ್ಲ ಪಕ್ಷ" ಎಂಬ ಅರ್ಥದ ಸಾಲು ಇರುತ್ತದೆ. ಒಂದು ಪಕ್ಷಕ್ಕೆ ಸಾಮಾನ್ಯವಾಗಿ ಒಂದು ಪುಟ. ಶುಕ್ಲ ಪಕ್ಷಕ್ಕೆ "ಶು" ಅಥವಾ "ಶುದ್ಧ" ಎಂದೂ, ಕೃಷ್ಣ ಪಕ್ಷಕ್ಕೆ "ಬ" ಅಥವಾ "ಬಹುಳ" ಎಂದೂ ಹಾಕುತ್ತಾರೆ. ಪೂಜೆಯಲ್ಲಿ ಪುರೋಹಿತರು ಹೇಳಿಸುವ ಸಂಕಲ್ಪದಲ್ಲಿ ಬರುವುದೂ ಇದೇ ಮಾಹಿತಿ.

ಅದರ ಕೆಳಗೆ ದಿನಕ್ಕೊಂದು ಸಾಲು. ಸಾಲಿನಲ್ಲಿ ವಾರ, ತಿಥಿ, ನಕ್ಷತ್ರ, ಯೋಗ, ಕರಣ ಎಂಬ ಐದು ಅಂಗಗಳು, ಪಕ್ಕದಲ್ಲಿ ಇಂಗ್ಲಿಷ್ ತಾರೀಖು, ಕೊನೆಗೆ ಆ ದಿನದ ಹಬ್ಬ, ವ್ರತ, ಜಯಂತಿಗಳ ಟಿಪ್ಪಣಿ. ಹಬ್ಬ ಹುಡುಕುವವರು ಕೊನೆಯ ಟಿಪ್ಪಣಿ ಓದಿದರೆ ಸಾಕೆಂದು ತೋರಬಹುದು. ಆ ಟಿಪ್ಪಣಿ ಆ ಸಾಲಿಗೇ ಏಕೆ ಬಂತೆಂದು ತಿಳಿಯಬೇಕಾದರೆ ಮಾತ್ರ ತಿಥಿಯ ಕಾಲಂ ಓದಲು ಬರಬೇಕು.

ತಿಥಿಯ ಮುಂದೆ 23-57 ಅಂತ ಇದೆ. ಇದು ಗಂಟೆಯೇ?

ಅಲ್ಲ. ಅದು ಘಟಿ ಮತ್ತು ವಿಘಟಿ. ಹಳೆಯ ಕ್ರಮದಲ್ಲಿ ಅಚ್ಚಾಗುವ ಪಂಚಾಂಗಗಳಲ್ಲಿ ಎಲ್ಲ ಕಾಲವನ್ನೂ ಆ ದಿನದ ಸೂರ್ಯೋದಯದಿಂದ ಎಣಿಸುತ್ತಾರೆ. ಒಂದು ಅಹೋರಾತ್ರಿಗೆ 60 ಘಟಿ, ಒಂದು ಘಟಿಗೆ 60 ವಿಘಟಿ. ಅಂದರೆ ಒಂದು ಘಟಿ 24 ನಿಮಿಷ, ಎರಡೂವರೆ ಘಟಿ ಒಂದು ಗಂಟೆ.

ಇನ್ನೊಂದು ವಿಷಯ ನೆನಪಿಡಬೇಕು. ಅಲ್ಲಿ ಬರೆದಿರುವುದು ತಿಥಿ ಮುಗಿಯುವ ಕಾಲ, ಶುರುವಾಗುವ ಕಾಲವಲ್ಲ. ಶುರುವಾದದ್ದು ಯಾವಾಗ ಎಂದು ಬೇಕಾದರೆ ಹಿಂದಿನ ಸಾಲಿಗೆ ಹೋಗಿ, ಹಿಂದಿನ ತಿಥಿ ಮುಗಿದ ಹೊತ್ತು ನೋಡಬೇಕು.

ನಮ್ಮ ದಿನಕ್ಕೆ ಲೆಕ್ಕ ಹಾಕೋಣ. ಬೆಂಗಳೂರಿನಲ್ಲಿ ಅಂದು ಸೂರ್ಯೋದಯ ಸುಮಾರು 6:09ಕ್ಕೆ. ಚೌತಿಯ ಮುಂದೆ 23-57 ಎಂದಿದ್ದರೆ, 23 ಘಟಿಗೆ 552 ನಿಮಿಷ, 57 ವಿಘಟಿಗೆ ಸುಮಾರು 23 ನಿಮಿಷ, ಒಟ್ಟು 575 ನಿಮಿಷ. ಅಂದರೆ 9 ಗಂಟೆ 35 ನಿಮಿಷ. ಇದನ್ನು 6:09ಕ್ಕೆ ಕೂಡಿಸಿದರೆ ಮಧ್ಯಾಹ್ನ 3:44. ಚೌತಿ ಮುಗಿದದ್ದು ಆ ಹೊತ್ತಿಗೆ. ಹಿಂದಿನ ದಿನ, 26ರ ಮಂಗಳವಾರ, ತದಿಗೆ ಮುಗಿದದ್ದು ಮಧ್ಯಾಹ್ನ 1:54ಕ್ಕೆ. ಚೌತಿ ಹುಟ್ಟಿದ್ದೂ ಆಗಲೇ.

ಈಗಿನ ಹಲವು ಪಂಚಾಂಗಗಳು ಘಟಿಯ ಜೊತೆಗೆ ಗಂಟೆ-ನಿಮಿಷವನ್ನೂ ಕೊಡುತ್ತವೆ. ಆಗ ಈ ಗುಣಾಕಾರ ಬೇಡ. ಆದರೆ ನೀವು ನೋಡುತ್ತಿರುವ ಕಾಲಂ ಯಾವುದು ಎಂಬುದನ್ನು ಮೊದಲ ಪುಟಗಳಲ್ಲಿರುವ ಸೂಚನೆಯಿಂದ ಖಚಿತ ಮಾಡಿಕೊಳ್ಳಿ. 10-30 ಎಂಬುದನ್ನು ಬೆಳಿಗ್ಗೆ ಹತ್ತೂವರೆ ಎಂದು ಓದಿ, ನಿಜಕ್ಕೂ ಅದು ಹತ್ತೂವರೆ ಘಟಿಯಾಗಿ, ಮುಹೂರ್ತ ತಪ್ಪಿಸಿಕೊಂಡವರಿದ್ದಾರೆ.

ರಾತ್ರಿ ಎರಡು ಗಂಟೆಗೆ ಮುಗಿಯುವ ತಿಥಿಯನ್ನು ಯಾವ ದಿನದ ಸಾಲಿನಲ್ಲಿ ಹುಡುಕಬೇಕು?

ಹಿಂದಿನ ದಿನದ ಸಾಲಿನಲ್ಲಿ. ಪಂಚಾಂಗದ ದಿನ ನಡುರಾತ್ರಿಗೆ ಬದಲಾಗುವುದಿಲ್ಲ, ಸೂರ್ಯೋದಯಕ್ಕೆ ಬದಲಾಗುತ್ತದೆ. ಗುರುವಾರ ಬೆಳಗಿನ ಜಾವ 2 ಗಂಟೆ ಎಂದರೆ ಪಂಚಾಂಗಕ್ಕೆ ಇನ್ನೂ ಬುಧವಾರವೇ. ಗಂಟೆಯಲ್ಲಿ ಕೊಡುವ ಕೆಲವರು ಇಂಥ ಕಡೆ 26-00 ಎಂದು, ಅಂದರೆ 24ಕ್ಕಿಂತ ಮುಂದಕ್ಕೆ ಎಣಿಸಿ ಬರೆಯುತ್ತಾರೆ. ಅದರಿಂದ 24 ಕಳೆದರೆ ಮರುದಿನದ ಗಡಿಯಾರದ ಹೊತ್ತು ಸಿಗುತ್ತದೆ.

ಸೂರ್ಯೋದಯಕ್ಕೆ ಇರುವ ತಿಥಿಯೇ ಆ ದಿನದ ತಿಥಿ ಅಲ್ಲವೇ? ಹಾಗಿದ್ದರೆ ಹಬ್ಬ ಕೆಲವೊಮ್ಮೆ ಬೇರೆ ಸಾಲಿನಲ್ಲಿ ಏಕೆ?

ಅತಿ ಹೆಚ್ಚು ಗೊಂದಲವಾಗುವುದು ಇಲ್ಲೇ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಸಾಲಿನಲ್ಲಿ ಅಚ್ಚಾಗುವುದು ಸೂರ್ಯೋದಯದ ತಿಥಿ, ನಿಜ. ಆದರೆ ಪ್ರತಿ ಹಬ್ಬಕ್ಕೂ ಅದರದೇ ಪೂಜಾಕಾಲ ಇದೆ. ಆ ಪೂಜಾಕಾಲದಲ್ಲಿ ತಿಥಿ ಇರಬೇಕು ಎಂಬುದು ನಿಯಮ. ಗಣೇಶ ಚೌತಿಗೆ, ರಾಮನವಮಿಗೆ ಮಧ್ಯಾಹ್ನ. ಸಂಕಷ್ಟಿಗೆ ಚಂದ್ರೋದಯ. ಶಿವರಾತ್ರಿಗೆ ನಡುರಾತ್ರಿ. ದೀಪಾವಳಿಯ ಲಕ್ಷ್ಮೀಪೂಜೆಗೆ ಸೂರ್ಯಾಸ್ತದ ನಂತರದ ಪ್ರದೋಷ. ಶ್ರಾದ್ಧಕ್ಕೆ ಅಪರಾಹ್ಣ.

ಚೌತಿಯ ಲೆಕ್ಕ ನೋಡಿ. ಹಗಲನ್ನು ಐದು ಭಾಗ ಮಾಡಿದರೆ ಪ್ರಾತಃ, ಸಂಗವ, ಮಧ್ಯಾಹ್ನ, ಅಪರಾಹ್ಣ, ಸಾಯಾಹ್ನ. ಬೆಂಗಳೂರಿನಲ್ಲಿ ಆ ದಿನ ಸೂರ್ಯೋದಯ 6:09, ಸೂರ್ಯಾಸ್ತ 6:32. ಹಗಲು 743 ನಿಮಿಷ, ಐದನೇ ಒಂದು ಭಾಗ ಎಂದರೆ ಸುಮಾರು 149 ನಿಮಿಷ. ಮೂರನೆಯ ಭಾಗವಾದ ಮಧ್ಯಾಹ್ನ ಸುಮಾರು 11:06ರಿಂದ 1:35ರವರೆಗೆ. 26ರಂದು ಚೌತಿ ಬಂದದ್ದು 1:54ಕ್ಕೆ. ಅಷ್ಟು ಹೊತ್ತಿಗೆ ಆ ದಿನದ ಮಧ್ಯಾಹ್ನ ಭಾಗ ಮುಗಿದಿತ್ತು. 27ರಂದು ಮಧ್ಯಾಹ್ನ ಪೂರ್ತಿ ಚೌತಿ ಇತ್ತು. ಹಾಗಾಗಿ ಹಬ್ಬ 27ಕ್ಕೆ. ಚೌತಿ ಇಪ್ಪತ್ತೈದು ನಿಮಿಷ ಮುಂಚೆ ಬಂದಿದ್ದರೆ ಎರಡೂ ದಿನ ಮಧ್ಯಾಹ್ನವನ್ನು ಮುಟ್ಟುತ್ತಿತ್ತು, ಆಗ ತದಿಗೆ ಕೂಡಿದ ಚೌತಿಗೆ ಪ್ರಾಶಸ್ತ್ಯ ಕೊಡುವ ನಿಯಮವನ್ನು ನೋಡಬೇಕಾಗುತ್ತಿತ್ತು. 26ರ ಬೆಳಿಗ್ಗೆ ತದಿಗೆ ಇದ್ದುದರಿಂದ ಗೌರಿ ಹಬ್ಬ ಅಂದು ಬಂತು.

ಸಂಕಷ್ಟಿಯಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. 2025ರ ಸೆಪ್ಟೆಂಬರ್ 10ರ ಸಾಲಿನಲ್ಲಿ ತಿಥಿ ಬಹುಳ ತದಿಗೆ, ಆದರೆ ಟಿಪ್ಪಣಿಯಲ್ಲಿ ಸಂಕಷ್ಟಹರ ಚತುರ್ಥಿ. ಅಚ್ಚಿನ ತಪ್ಪಲ್ಲ ಇದು. ಅಂದು ಮಧ್ಯಾಹ್ನ ಮೂರೂವರೆಯ ಮೇಲೆ ಚೌತಿ ಹುಟ್ಟಿತು, ರಾತ್ರಿ ಚಂದ್ರ ಹುಟ್ಟುವಾಗ ಚೌತಿ ಇತ್ತು. ಮರುದಿನ ಸೂರ್ಯೋದಯಕ್ಕೆ ಚೌತಿ ಇದ್ದರೂ ಅದು ಮಧ್ಯಾಹ್ನವೇ ಮುಗಿದುಹೋಯಿತು, ಚಂದ್ರೋದಯದವರೆಗೆ ಉಳಿಯಲಿಲ್ಲ. ಉಪವಾಸ ಮಾಡಿ ಚಂದ್ರನನ್ನು ನೋಡಿ ಊಟ ಮಾಡುವ ವ್ರತಕ್ಕೆ ಹತ್ತನೇ ತಾರೀಖೇ ಸರಿ.

ಕೆಲವು ತಿಥಿಗಳು ಪಂಚಾಂಗದಲ್ಲಿ ಕಾಣೆಯಾಗಿರುತ್ತವೆ, ಕೆಲವು ಎರಡು ದಿನ ಇರುತ್ತವೆ. ಏಕೆ?

ತಿಥಿ ಎಂದರೆ ಚಂದ್ರ ಸೂರ್ಯನಿಂದ 12 ಡಿಗ್ರಿ ಮುಂದೆ ಸಾಗಲು ಹಿಡಿಯುವ ಕಾಲ. ಚಂದ್ರನ ವೇಗ ಒಂದೇ ಸಮ ಇರುವುದಿಲ್ಲ. ಹಾಗಾಗಿ ತಿಥಿ ಕೆಲವೊಮ್ಮೆ 20 ಗಂಟೆಯಷ್ಟು ಚಿಕ್ಕದು, ಕೆಲವೊಮ್ಮೆ 26 ಗಂಟೆ ಮೀರಿ ಉದ್ದ. ಎರಡು ಸೂರ್ಯೋದಯಗಳ ನಡುವೆಯೇ ಹುಟ್ಟಿ ಮುಗಿದರೆ ಅದು ಕ್ಷಯ ತಿಥಿ. ಎರಡು ಸೂರ್ಯೋದಯಗಳನ್ನು ಮುಟ್ಟಿದರೆ ವೃದ್ಧಿ ತಿಥಿ, ಮೊದಲ ದಿನ ಅದರ ಮುಂದೆ 60-00 ಅಥವಾ "ದಿವಾರಾತ್ರಿ" ಎಂದಿರುತ್ತದೆ.

2026ರ ಯುಗಾದಿ ಇದಕ್ಕೆ ಒಳ್ಳೆಯ ಉದಾಹರಣೆ. ಮಾರ್ಚ್ 19ರಂದು ಬೆಂಗಳೂರಿನಲ್ಲಿ ಸೂರ್ಯೋದಯ ಸುಮಾರು 6:25ಕ್ಕೆ, ಅಮಾವಾಸ್ಯೆ ಮುಗಿಯುವುದು 6:52ಕ್ಕೆ. ಅಲ್ಲಿಂದ ಶುರುವಾದ ಚೈತ್ರ ಶುದ್ಧ ಪಾಡ್ಯ ಮರುದಿನ ಸೂರ್ಯ ಹುಟ್ಟುವ ಮೊದಲೇ, 4:52ಕ್ಕೆ ಮುಗಿಯುತ್ತದೆ. ಪಾಡ್ಯಕ್ಕೆ ಒಂದೂ ಸೂರ್ಯೋದಯ ಸಿಗುವುದಿಲ್ಲ. ಹೀಗಾದಾಗ ಪಾಡ್ಯ ನಡೆಯುವ ದಿನವನ್ನೇ ಯುಗಾದಿ ಎಂದು ಹಿಡಿಯುತ್ತಾರೆ. ಪರಾಭವ ಸಂವತ್ಸರ ಶುರುವಾಗುವುದು 19ರ ಗುರುವಾರವೇ.

ಏಕಾದಶಿ ಎರಡು ದಿನ ಹಾಕಿರುತ್ತಾರಲ್ಲ, ನಾವು ಯಾವುದನ್ನು ಹಿಡಿಯಬೇಕು?

ನಿಮ್ಮ ಮನೆಯ ಸಂಪ್ರದಾಯದ್ದು. ವೈಷ್ಣವರು ಸೂರ್ಯೋದಯಕ್ಕೆ ನಾಲ್ಕು ಘಟಿ ಮೊದಲಿನ ಅರುಣೋದಯದ ಹೊತ್ತಿಗೆ, ಅಂದರೆ ಸುಮಾರು ಒಂದೂವರೆ ಗಂಟೆ ಮೊದಲೇ, ದಶಮಿ ಮುಗಿದಿರಬೇಕು ಎನ್ನುತ್ತಾರೆ. ದಶಮಿಯ ಸೋಂಕಿದ್ದರೆ ಉಪವಾಸ ಮರುದಿನಕ್ಕೆ. ಸ್ಮಾರ್ತರು ಅಷ್ಟು ಕಟ್ಟುನಿಟ್ಟು ಮಾಡುವುದಿಲ್ಲ. ಹಾಗಾಗಿ "ಸ್ಮಾರ್ತ ಏಕಾದಶಿ" ಒಂದು ಸಾಲಿನಲ್ಲಿ, "ವೈಷ್ಣವ ಏಕಾದಶಿ" ಮುಂದಿನ ಸಾಲಿನಲ್ಲಿ ಕಾಣಬಹುದು. ಉತ್ತರಾದಿ ಮಠ, ಮಂತ್ರಾಲಯದ ರಾಯರ ಮಠ, ಶೃಂಗೇರಿ ಮಠ ತಮ್ಮ ತಮ್ಮ ಪಂಚಾಂಗ ಹೊರತರುವುದು ಇಂಥ ನಿರ್ಣಯಗಳಿಗಾಗಿಯೇ. ಮಠದ ಶಿಷ್ಯರಾದವರು ಉಪವಾಸದ ಮಟ್ಟಿಗಾದರೂ ಆ ಮಠದ ಪಂಚಾಂಗವನ್ನೇ ನೋಡುವುದು ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಎರಡು ಪಂಚಾಂಗ ಬೆರೆಸಿ ಓದಿದರೆ ಉಪವಾಸ ಒಂದರದ್ದು, ಪಾರಣೆ ಇನ್ನೊಂದರದ್ದು ಆಗಿಬಿಡುತ್ತದೆ.

ಬೇರೆ ಬೇರೆ ಪಂಚಾಂಗಗಳಲ್ಲಿ ತಿಥಿ ಮುಗಿಯುವ ಹೊತ್ತೇ ಬೇರೆ ಇರುತ್ತದೆ. ಯಾವುದು ತಪ್ಪು?

ಗಣಿತದ ಪದ್ಧತಿ ಬೇರೆ. ಕೆಲವು ಪಂಚಾಂಗಗಳು ಸೂರ್ಯಸಿದ್ಧಾಂತದಂಥ ಹಳೆಯ ಗ್ರಂಥಗಳ ಲೆಕ್ಕದಂತೆ ನಡೆಯುತ್ತವೆ. ದೃಗ್ಗಣಿತದವು ಆಕಾಶದಲ್ಲಿ ಈಗ ಕಾಣುವ ಸ್ಥಾನಕ್ಕೆ ಹೊಂದಿಸಿದವು. ತಿಥಿ ಮುಗಿಯುವ ಹೊತ್ತು ಇವೆರಡರಲ್ಲಿ ಕೆಲವೊಮ್ಮೆ ಗಂಟೆಗಟ್ಟಲೆ ಬೇರೆಯಾಗುವುದುಂಟು. ತಿಥಿ ಪೂಜಾಕಾಲದ ಅಂಚಿನಲ್ಲಿ ಬಂದ ವರ್ಷ ಹಬ್ಬ ಒಂದು ದಿನ ಹಿಂದೆಮುಂದೆ ಆಗುವುದು ಇದರಿಂದಲೇ. ನಿಮ್ಮ ಪಂಚಾಂಗ ಯಾವ ಬಗೆಯದು ಎಂದು ಮುಖಪುಟದಲ್ಲೋ ಮುನ್ನುಡಿಯಲ್ಲೋ ಬರೆದಿರುತ್ತದೆ.

ದಕ್ಷಿಣ ಕನ್ನಡ, ಉಡುಪಿಯ ಕಡೆಯ ಪಂಚಾಂಗಗಳಲ್ಲಿ ಸೌರಮಾನದ ತಿಂಗಳೂ ಮುಖ್ಯ. ಅಲ್ಲಿ ಹೊಸ ವರ್ಷ ಏಪ್ರಿಲ್ ನಡುವೆ ಬರುವ ಬಿಸುವಿಗೆ. ನಮ್ಮ ಆಗಸ್ಟ್ 27 ಅಲ್ಲಿ ಸಿಂಹ ಮಾಸ, ತುಳುವರ ಸೋಣ ತಿಂಗಳು.

ರಾಹುಕಾಲ ಬುಧವಾರ 12ರಿಂದ 1:30 ಎಂದು ಎಲ್ಲರೂ ಹೇಳುತ್ತಾರೆ. ಪಂಚಾಂಗದಲ್ಲಿ ಬೇರೆ ಇದೆಯಲ್ಲ?

ಪಂಚಾಂಗದ್ದೇ ಸರಿ. 12ರಿಂದ 1:30 ಎಂಬುದು ಸೂರ್ಯ ಸರಿಯಾಗಿ 6ಕ್ಕೆ ಹುಟ್ಟಿ 6ಕ್ಕೆ ಮುಳುಗುತ್ತಾನೆ ಎಂದುಕೊಂಡು ಹಾಕಿದ ಸ್ಥೂಲ ಲೆಕ್ಕ.

ನಿಜವಾದ ಕ್ರಮ ಸರಳ. ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲನ್ನು ಎಂಟು ಸಮಭಾಗ ಮಾಡಿ. ರಾಹುಕಾಲ ಸೋಮವಾರ ಎರಡನೆಯ ಭಾಗ, ಶನಿವಾರ ಮೂರನೆಯದು, ಶುಕ್ರವಾರ ನಾಲ್ಕನೆಯದು, ಬುಧವಾರ ಐದನೆಯದು, ಗುರುವಾರ ಆರನೆಯದು, ಮಂಗಳವಾರ ಏಳನೆಯದು, ಭಾನುವಾರ ಎಂಟನೆಯದು. ಮೊದಲ ಭಾಗ ಯಾವ ದಿನವೂ ರಾಹುಕಾಲವಲ್ಲ.

ನಮ್ಮ ಬುಧವಾರಕ್ಕೆ: ಹಗಲು 743 ನಿಮಿಷ, ಎಂಟರಿಂದ ಭಾಗಿಸಿದರೆ ಒಂದು ಭಾಗ ಸುಮಾರು 93 ನಿಮಿಷ. ನಾಲ್ಕು ಭಾಗ ಕಳೆದ ಮೇಲೆ, 12:20ಕ್ಕೆ ರಾಹುಕಾಲ ಶುರು, 1:53ಕ್ಕೆ ಮುಗಿಯುತ್ತದೆ. ರೂಢಿಯ 1:30 ಎಂದು ನಂಬಿ 1:35ಕ್ಕೆ ಮನೆಯಿಂದ ಹೊರಟವರು ರಾಹುಕಾಲದ ಒಳಗೇ ಹೊರಟಂತೆ.

ಚಳಿಗಾಲದ ಬೆಳಗಿನಲ್ಲಿ ವ್ಯತ್ಯಾಸ ಇನ್ನೂ ಹೆಚ್ಚು. ಜನವರಿ ಮಧ್ಯದ ಸೋಮವಾರ ಬೆಂಗಳೂರಿನಲ್ಲಿ ಸೂರ್ಯೋದಯ ಸುಮಾರು 6:45, ಸೂರ್ಯಾಸ್ತ 6:12 ಎಂದು ಹಿಡಿದರೆ ಒಂದು ಭಾಗ 86 ನಿಮಿಷ. ರಾಹುಕಾಲ 8:11ರಿಂದ 9:37. ರೂಢಿಯಲ್ಲಿ ಹೇಳುವ 7:30ರಿಂದ 9 ಗಂಟೆಗೆ ಹೋಲಿಸಿದರೆ ನಲವತ್ತು ನಿಮಿಷದಷ್ಟು ಸರಿದಿದೆ. 9:05ಕ್ಕೆ ಅಂಗಡಿ ಪೂಜೆ ಇಟ್ಟುಕೊಂಡವರು ಇದನ್ನು ಗಮನಿಸಲೇಬೇಕು.

ಯಮಗಂಡ, ಗುಳಿಕ ಕಾಲ ಎಂದರೆ?

ಅವೂ ಅದೇ ಎಂಟು ಭಾಗಗಳಲ್ಲಿ ಬರುತ್ತವೆ, ಎಣಿಕೆ ಮಾತ್ರ ಬೇರೆ. ಬುಧವಾರ ಯಮಗಂಡ ಎರಡನೆಯ ಭಾಗ, ಗುಳಿಕ ನಾಲ್ಕನೆಯದು. ಯಮಗಂಡವನ್ನು ರಾಹುಕಾಲದಂತೆಯೇ ಬಿಡುತ್ತಾರೆ. ಗುಳಿಕದಲ್ಲಿ ಮಾಡಿದ್ದು ಮತ್ತೆ ಮತ್ತೆ ನಡೆಯುತ್ತದೆ ಎಂಬ ನಂಬಿಕೆ ಇರುವುದರಿಂದ ಚಿನ್ನ ಕೊಳ್ಳಲು ಅದನ್ನು ಒಪ್ಪುವವರಿದ್ದಾರೆ, ಅಪರಕ್ರಿಯೆಗೆ ಮಾತ್ರ ಯಾರೂ ಒಪ್ಪುವುದಿಲ್ಲ.

ಹಬ್ಬದ ದಿನ ಒಳ್ಳೆಯ ದಿನವೇ ಅಲ್ಲವೇ? ಅಂದೇ ಗೃಹಪ್ರವೇಶ ಮಾಡಬಹುದೇ?

ಹಬ್ಬದ ದಿನ ಬೇರೆ, ಮುಹೂರ್ತದ ದಿನ ಬೇರೆ. ಆಗಸ್ಟ್ 27ನ್ನೇ ನೋಡಿ. ಚೌತಿ, ನವಮಿ, ಚತುರ್ದಶಿ ಈ ಮೂರು ರಿಕ್ತಾ ತಿಥಿಗಳು, ಶುಭಕಾರ್ಯಕ್ಕೆ ಬಿಡುವವು. ಇನ್ನು ಕರಣದ ಕಾಲಂ. ಒಂದು ತಿಥಿಗೆ ಎರಡು ಕರಣ. ಶುಕ್ಲ ಚೌತಿಯ ಎರಡನೆಯ ಅರ್ಧ ಯಾವಾಗಲೂ ವಿಷ್ಟಿ ಕರಣ, ಅದಕ್ಕೇ ಭದ್ರಾ ಎನ್ನುವುದು. ಆ ಚೌತಿ ಒಟ್ಟು ಸುಮಾರು 26 ಗಂಟೆ ಇದ್ದುದರಿಂದ ನಡುರಾತ್ರಿ ಕಳೆದು ಮೂರು ಗಂಟೆಯ ಹೊತ್ತಿಗೆ ಭದ್ರಾ ಶುರುವಾಗಿ ಮಧ್ಯಾಹ್ನ 3:44ರವರೆಗೂ ಇತ್ತು. ಗೃಹಪ್ರವೇಶಕ್ಕೆ ಬೆಳಗಿನ ಹೊತ್ತೆಲ್ಲ ಹೋಯಿತು.

ಗಣಪತಿ ಪೂಜೆಗೆ ಇದು ಅಡ್ಡಿಯಲ್ಲ. ಆ ವ್ರತಕ್ಕೆ ಶಾಸ್ತ್ರ ಹೇಳಿದ ತಿಥಿಯೇ ಚೌತಿ, ಹೊತ್ತೇ ಮಧ್ಯಾಹ್ನ. ನಿತ್ಯಪೂಜೆಗೂ ಶ್ರಾದ್ಧಕ್ಕೂ ಹಾಗೆಯೇ ರಾಹುಕಾಲ ನೋಡುವುದಿಲ್ಲ. ಮನುಷ್ಯ ತಾನಾಗಿ ಆರಿಸಿ ಹೊಸದಾಗಿ ಶುರು ಮಾಡುವ ಕೆಲಸಕ್ಕೆ ಮಾತ್ರ ಈ ಎಲ್ಲ ಪರೀಕ್ಷೆ.

ಯುಗಾದಿ, ಅಕ್ಷಯ ತದಿಗೆ, ವಿಜಯದಶಮಿ, ಅರ್ಧವಾಗಿ ಬಲಿಪಾಡ್ಯಮಿ ಇವನ್ನು ಮೂರೂವರೆ ಮುಹೂರ್ತ ಎಂದು ಉತ್ತರ ಕರ್ನಾಟಕದಲ್ಲಿ ವಿಶೇಷವಾಗಿ ಮನ್ನಿಸುತ್ತಾರೆ. ಹಬ್ಬವೂ ಮುಹೂರ್ತವೂ ಒಂದೇ ಆಗುವುದು ಇಂಥ ಕೆಲವೇ ದಿನ.

ಹಾಗಾದರೆ ಶುಭದಿನ ಹುಡುಕುವುದು ಹೇಗೆ?

ಮೊದಲು ತಿಂಗಳನ್ನು ನೋಡಿ, ಆಮೇಲೆ ದಿನವನ್ನು. ಅಧಿಕ ಮಾಸದಲ್ಲಿ ಮದುವೆ, ಉಪನಯನ, ಗೃಹಪ್ರವೇಶ ಮಾಡುವುದಿಲ್ಲ. 2026ರಲ್ಲಿ ಅಧಿಕ ಜ್ಯೇಷ್ಠ ಮೇ 17ರಿಂದ ಜೂನ್ 15ರವರೆಗೆ ಬರುತ್ತದೆ, ಬೇಸಿಗೆ ರಜೆಯಲ್ಲಿ ಮದುವೆ ಇಟ್ಟುಕೊಳ್ಳುವವರು ಛತ್ರ ಬುಕ್ ಮಾಡುವ ಮೊದಲೇ ಇದನ್ನು ನೋಡಿಕೊಳ್ಳಬೇಕು. ಗುರು ಅಥವಾ ಶುಕ್ರ ಸೂರ್ಯನ ಬಳಿ ಬಂದು ಕಾಣದಂತಾಗುವ ಅಸ್ತ ಕಾಲವನ್ನೂ ಬಿಡುತ್ತಾರೆ. ಪಂಚಾಂಗದ ಟಿಪ್ಪಣಿಯಲ್ಲಿ "ಶುಕ್ರಾಸ್ತ", "ಗುರು ಮೌಢ್ಯ" ಎಂದು ಬರೆದಿರುವುದು ಇದಕ್ಕೇ. ಬಹಳ ಕಡೆ ಆಷಾಢವನ್ನೂ ಬಿಡುವ ರೂಢಿಯಿದೆ.

ಉಳಿದ ದಿನಗಳಲ್ಲಿ ರಿಕ್ತಾ ತಿಥಿ, ಅಮಾವಾಸ್ಯೆ, ಭದ್ರಾ, ಹಾಗೂ ಯೋಗದ ಕಾಲಂನಲ್ಲಿ ವ್ಯತೀಪಾತ, ವೈಧೃತಿ ಎಂದಿರುವವನ್ನು ತೆಗೆದುಬಿಡಿ. ಪಂಚಾಂಗದ ಹಿಂದಿನ ಪುಟಗಳಲ್ಲಿ ಮದುವೆ, ಉಪನಯನ, ಗೃಹಪ್ರವೇಶದ ಮುಹೂರ್ತಗಳ ಪಟ್ಟಿ ಲಗ್ನಸಹಿತ, ಅಂದರೆ ಆ ಹೊತ್ತಿಗೆ ಪೂರ್ವದಲ್ಲಿ ಉದಯಿಸುವ ರಾಶಿಯ ಸಹಿತ ಇರುತ್ತದೆ. ಅದರಲ್ಲಿ ಈ ಕೆಲಸ ಆಗಲೇ ಮಾಡಿರುತ್ತಾರೆ. ನಿಮ್ಮ ಪಾಲಿಗೆ ಉಳಿಯುವುದು ತಾರಾಬಲ, ಏಕೆಂದರೆ ಅದು ಒಬ್ಬೊಬ್ಬರಿಗೆ ಒಂದೊಂದು.

ತಾರಾಬಲ ನೋಡುವುದು ಕಷ್ಟವೇ?

ಬೆರಳೆಣಿಕೆ ಬಂದರೆ ಸಾಕು. ನಿಮ್ಮ ಜನ್ಮನಕ್ಷತ್ರವನ್ನು ಒಂದು ಎಂದು ಹಿಡಿದು ಆ ದಿನದ ನಕ್ಷತ್ರದವರೆಗೆ ಎಣಿಸಿ. ಒಂಬತ್ತು ಮೀರಿದರೆ ಒಂಬತ್ತರಿಂದ ಭಾಗಿಸಿ ಶೇಷ ನೋಡಿ. ಕ್ರಮವಾಗಿ ಜನ್ಮ, ಸಂಪತ್, ವಿಪತ್, ಕ್ಷೇಮ, ಪ್ರತ್ಯಕ್, ಸಾಧನ, ನೈಧನ, ಮಿತ್ರ, ಪರಮಮಿತ್ರ. ಶೇಷ ಉಳಿಯದಿದ್ದರೆ ಒಂಬತ್ತನೆಯದು. ಮೂರು, ಐದು, ಏಳು ಬಂದರೆ ಬಿಡಬೇಕು. ಒಂದು ಬಂದರೆ ಮಧ್ಯಮ.

ಆಗಸ್ಟ್ 27ರ ಹಗಲು ಚಿತ್ತಾ ನಕ್ಷತ್ರ. ರೋಹಿಣಿ ನಕ್ಷತ್ರದವರು ಎಣಿಸಿದರೆ ರೋಹಿಣಿ ಒಂದು, ಮೃಗಶಿರಾ ಎರಡು, ಆರಿದ್ರಾ ಮೂರು, ಪುನರ್ವಸು ನಾಲ್ಕು, ಪುಷ್ಯ ಐದು, ಆಶ್ಲೇಷಾ ಆರು, ಮಖಾ ಏಳು, ಹುಬ್ಬಾ ಎಂಟು, ಉತ್ತರಾ ಒಂಬತ್ತು, ಹಸ್ತಾ ಹತ್ತು, ಚಿತ್ತಾ ಹನ್ನೊಂದು. ಒಂಬತ್ತು ಕಳೆದರೆ ಎರಡು, ಸಂಪತ್ ತಾರೆ, ಒಳ್ಳೆಯದು. ಮೃಗಶಿರಾದವರಿಗೆ ಅದೇ ದಿನ ಹತ್ತು, ಶೇಷ ಒಂದು, ಜನ್ಮತಾರೆ. ದಿನ ಒಂದೇ, ಫಲ ಬೇರೆ. ತಾರಾಬಲ ಚೆನ್ನಾಗಿದೆ ಎಂದ ಮಾತ್ರಕ್ಕೆ ರಿಕ್ತಾ ತಿಥಿಯ ದೋಷ ಹೋಗುವುದಿಲ್ಲ ಎಂಬುದನ್ನೂ ಮರೆಯಬೇಡಿ. ಮದುವೆಯಂಥ ದೊಡ್ಡ ಕಾರ್ಯಕ್ಕೆ ಲಗ್ನಶುದ್ಧಿಯನ್ನೂ ನೋಡಬೇಕಿರುವುದರಿಂದ ಕೊನೆಯ ತೀರ್ಮಾನವನ್ನು ಜೋಯಿಸರಿಗೇ ಬಿಡಿ.

ನಾವು ಅಮೆರಿಕದಲ್ಲಿದ್ದೇವೆ. ಊರಿನಿಂದ ತಂದ ಪಂಚಾಂಗ ಇಲ್ಲಿಗೆ ನಡೆಯುತ್ತದೆಯೇ?

ತಿಥಿ, ನಕ್ಷತ್ರಗಳು ಮುಗಿಯುವ ಕ್ಷಣ ಭೂಮಿಗೆಲ್ಲ ಒಂದೇ. ಗಡಿಯಾರ ಮಾತ್ರ ಬದಲಿಸಿಕೊಳ್ಳಬೇಕು. ಸೂರ್ಯೋದಯವನ್ನು ನೆಚ್ಚಿಕೊಂಡ ಎಲ್ಲವನ್ನೂ, ಅಂದರೆ ದಿನದ ತಿಥಿ, ಪೂಜಾಕಾಲ, ರಾಹುಕಾಲ ಇವನ್ನು ನಿಮ್ಮ ಊರಿನ ಸೂರ್ಯನಿಗೆ ಹೊಸದಾಗಿ ಲೆಕ್ಕ ಹಾಕಬೇಕು. ಘಟಿಯ ಅಂಕಿಗಳನ್ನು ಅಲ್ಲಿನ ಸೂರ್ಯೋದಯಕ್ಕೆ ಕೂಡಿಸಲೇಬೇಡಿ, ಅವು ಭಾರತದ ಸೂರ್ಯೋದಯದಿಂದ ಎಣಿಸಿದವು. ಮೊದಲು ಭಾರತದ ಗಂಟೆಗೆ ತಂದು ಆಮೇಲೆ ಬದಲಿಸಿ.

ನ್ಯೂಜೆರ್ಸಿಯವರ ಲೆಕ್ಕ ಹೀಗೆ. ಆಗಸ್ಟ್‌ನಲ್ಲಿ ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂಬತ್ತೂವರೆ ಗಂಟೆ ಹಿಂದೆ. ಚೌತಿ ಅಲ್ಲಿ 26ರ ಬೆಳಗಿನ ಜಾವ 4:24ಕ್ಕೆ ಹುಟ್ಟಿ 27ರ ಬೆಳಿಗ್ಗೆ 6:14ಕ್ಕೆ ಮುಗಿಯಿತು. ಮಧ್ಯಾಹ್ನದ ಹೊತ್ತಿಗೆ ಚೌತಿ ಸಿಕ್ಕಿದ್ದು 26ರಂದು ಮಾತ್ರ. 27ರ ಮಧ್ಯಾಹ್ನಕ್ಕೆ ಅಲ್ಲಿ ಆಗಲೇ ಪಂಚಮಿ. ಹಾಗಾಗಿ ಬೆಂಗಳೂರಿನಲ್ಲಿ ಬುಧವಾರ ಆದ ಹಬ್ಬ ಅಲ್ಲಿ ಮಂಗಳವಾರವೇ.

ರಾಹುಕಾಲದ ಉದ್ದವೂ ಬದಲಾಗುತ್ತದೆ. ಡಿಸೆಂಬರ್ ಕೊನೆಯಲ್ಲಿ ಲಂಡನ್ನಿನಲ್ಲಿ ಸೂರ್ಯ ಎಂಟಕ್ಕೆ ಹುಟ್ಟಿ ನಾಲ್ಕರ ಮೊದಲೇ ಮುಳುಗುವುದರಿಂದ ರಾಹುಕಾಲ ಒಂದು ಗಂಟೆಗಿಂತ ಕಡಿಮೆ. ಮೊಬೈಲ್ ಆ್ಯಪ್ ಬಳಸುವವರು ಅದರಲ್ಲಿ ಯಾವ ಊರು ಹಾಕಿದೆ ಎಂದು ಮೊದಲು ನೋಡಿಕೊಳ್ಳಿ. ಊರು ಬೆಂಗಳೂರೇ ಆಗಿ ಉಳಿದಿದ್ದರೆ ಅದರಲ್ಲಿ ತೋರಿಸುವ ರಾಹುಕಾಲ ನಿಮ್ಮ ಮನೆಗೆ ಅನ್ವಯಿಸುವುದಿಲ್ಲ.